ಯಾರು ಯಾರ ಕೈಕೆಳಗೆ? ಮೆಮೊ ಓದಿದರೆ ನನಗೇ ತಿಳಿಯಲಿಲ್ಲ

*ನಮ್ಮಲ್ಲಿ ದಾಸ್ತಾನು ಮತ್ತು ರವಾನೆ ವಿಭಾಗಗಳನ್ನು ಒಂದು ಮಾಡುತ್ತಿದ್ದಾರೆ. ದಾಸ್ತಾನಿನಲ್ಲಿ 9 ಜನ, ರವಾನೆಯಲ್ಲಿ 14, ಮುಖ್ಯಸ್ಥರೂ ಸೇರಿ. ನಿರ್ದೇಶಕರು ತಾವೇ ಮೆಮೊ ಬರೆದು, "ಭಾಷೆ ಸ್ವಲ್ಪ ತಿದ್ದಿ ಸೋಮವಾರ ಕಳಿಸಿಬಿಡಿ" ಅಂದಿದ್ದಾರೆ. "ಎರಡೂ ವಿಭಾಗಗಳು ಏಕೀಕೃತ ನಾಯಕತ್ವದಡಿ ಸಮನ್ವಯದಿಂದ ಕಾರ್ಯನಿರ್ವಹಿಸಲಿವೆ" ಅಂತಿದೆ. ದಾಸ್ತಾನು ಮುಖ್ಯಸ್ಥರು ಇನ್ನು ರವಾನೆ ಮುಖ್ಯಸ್ಥರ ಕೈಕೆಳಗೆ ಬರುತ್ತಾರೆ. ಆ ಮಾತು ಮೆಮೊದಲ್ಲಿಲ್ಲ, ಅವರಿಗೂ ಯಾರೂ ಹೇಳಿಲ್ಲ. ಅವರು ನನ್ನ ಸ್ನೇಹಿತರು. ಉಳಿದವರು ಸಿಕ್ಕಸಿಕ್ಕಲ್ಲಿ "ಕೆಲಸ ಹೋಗುತ್ತಾ?" ಅಂತ ಕೇಳುತ್ತಿದ್ದಾರೆ. ನಾನು ಬಾಯಿ ಬಿಡುವ ಹಾಗಿಲ್ಲ. ಏನು ಮಾಡಲಿ?*
*— ಸಿಬ್ಬಂದಿ ವಿಭಾಗದ ಒಬ್ಬರು*

ಭಾಷೆಯನ್ನು ಸದ್ಯಕ್ಕೆ ಮುಟ್ಟಬೇಡಿ. ಆ ವಾಕ್ಯ ಮಸುಕಾಗಿರುವುದಕ್ಕೆ ಬರವಣಿಗೆ ಕಾರಣವಲ್ಲ. ಒಂದು ವಿಷಯ ಇನ್ನೂ ತೀರ್ಮಾನವಾಗಿಲ್ಲ, ಅಥವಾ ತೀರ್ಮಾನವಾಗಿದ್ದರೂ ಹೇಳಲು ಸಂಕೋಚ. ದಾಸ್ತಾನಿನ ಉಳಿದ 8 ಜನ ಈಗಿನ ಮುಖ್ಯಸ್ಥರ ಕೈಕೆಳಗೇ ಇರುತ್ತಾರೋ, ನೇರವಾಗಿ ಹೊಸ ಮುಖ್ಯಸ್ಥರಿಗೆ ರಿಪೋರ್ಟ್ ಮಾಡುತ್ತಾರೋ? ನಿರ್ದೇಶಕರ ಹತ್ತಿರ ಮೊದಲು ಕೇಳಬೇಕಾದದ್ದು ಇದನ್ನು.

ಬರಿಗೈಯಲ್ಲಿ ಹೋಗಬೇಡಿ, ಒಂದು ಕೋಷ್ಟಕ ಮಾಡಿಕೊಂಡು ಹೋಗಿ. ಹೆಸರುಗಳನ್ನು ನೆನಪಿನಿಂದ ಬರೆಯದೆ ಸಂಬಳದ ಪಟ್ಟಿಯಿಂದ ತೆಗೆದುಕೊಳ್ಳಿ. ದೀರ್ಘ ರಜೆಯಲ್ಲಿರುವವರು, ಸಂಜೆ ಪಾಳಿಯವರು ಬಿಟ್ಟುಹೋಗುವುದು ನೆನಪಿನಿಂದ ಬರೆದಾಗಲೇ. ಪಟ್ಟಿಯಲ್ಲಿ ತನ್ನ ಹೆಸರು ಕಾಣದವನು ಅದನ್ನು ಕೈತಪ್ಪು ಅಂದುಕೊಳ್ಳುವುದಿಲ್ಲ, ಕೆಲಸ ಹೋಯಿತು ಅಂದುಕೊಳ್ಳುತ್ತಾನೆ. ಪ್ರತಿ ಹೆಸರಿನ ಮುಂದೆ ನಾಲ್ಕು ಕಲಂ ಇರಲಿ: ದಿನದ ಕೆಲಸ ಹಂಚುವವರು ಯಾರು, ರಜೆ ಮಂಜೂರು ಮಾಡುವವರು ಯಾರು, ಅಪ್ರೈಸಲ್ ಬರೆಯುವವರು ಯಾರು, ಎರಡು ಕಡೆಯಿಂದ ಕೆಲಸ ಬಂದರೆ ಯಾರ ಮಾತು ನಡೆಯುತ್ತದೆ. ಒಂದೊಂದರಲ್ಲೂ ಇವತ್ತಿನ ಹೆಸರು, ಬದಲಾವಣೆಯ ನಂತರದ ಹೆಸರು.

"ಈಗಿನ ಮುಖ್ಯಸ್ಥರ ಕೈಕೆಳಗೇ ಇರಲಿ" ಎಂದು ನಿರ್ದೇಶಕರು ಹೇಳಿದರೆ ಕೋಷ್ಟಕದಲ್ಲಿ ಏನು ಕಾಣುತ್ತದೆ ನೋಡಿ. ರವಾನೆಯ 13 ಜನರಿಗೆ ಹಳೆಯ ಮೇಲಧಿಕಾರಿಯೇ, ದಾಸ್ತಾನಿನ 8 ಜನರಿಗೂ ಹಳೆಯವರೇ. ನೇರ ಮೇಲಧಿಕಾರಿ ಬದಲಾಗುವುದು ನಿಮ್ಮ ಸ್ನೇಹಿತರೊಬ್ಬರಿಗೆ ಮಾತ್ರ. ರವಾನೆ ಮುಖ್ಯಸ್ಥರಿಗೆ ಹೊಣೆ ಹೆಚ್ಚುತ್ತದೆ. 21 ಜನ ನಿದ್ದೆಗೆಡುತ್ತಿರುವುದು ತಮಗೆ ಆಗದೇ ಇರುವ ಬದಲಾವಣೆಗೆ! ಆದರೂ ಅವರಿಗೆ "ಏನೂ ಬದಲಾಗುವುದಿಲ್ಲ" ಎಂದು ಬರೆಯಬೇಡಿ. ದಾಸ್ತಾನಿನವರ ಉದ್ದದ ರಜೆ, ಓವರ್‌ಟೈಮ್ ಇಷ್ಟು ದಿನ ನಿರ್ದೇಶಕರ ಸಹಿಗೆ ಹೋಗುತ್ತಿದ್ದರೆ ಇನ್ನು ಹೊಸ ಮುಖ್ಯಸ್ಥರ ಸಹಿಗೆ ಹೋಗುತ್ತದೆ. ಆ ಒಂದು ಸಾಲು ಬಿಟ್ಟರೆ ಮೊದಲ ತಿಂಗಳಲ್ಲೇ ಸಿಕ್ಕಿಬೀಳುತ್ತೀರಿ, ಆಮೇಲೆ ಉಳಿದ ಸಾಲುಗಳನ್ನೂ ಯಾರೂ ನಂಬುವುದಿಲ್ಲ.

"ನೇರವಾಗಿ ಹೊಸ ಮುಖ್ಯಸ್ಥರಿಗೇ" ಎಂಬ ಉತ್ತರ ಬಂದರೆ ಮೆಮೊ ಪೂರ್ತಿ ಬೇರೆಯಾಗುತ್ತದೆ. ಒಬ್ಬರ ಕೈಕೆಳಗೆ 22 ಜನ. ಅಷ್ಟು ಜನರ ದಿನದ ಕೆಲಸವನ್ನು ಒಬ್ಬರೇ ನೋಡುವುದು ಕಷ್ಟ, ಕೊನೆಗೆ ನಿಮ್ಮ ಸ್ನೇಹಿತರೇ ಹುದ್ದೆಯಿಲ್ಲದೆ ಹಳೆಯ ಕೆಲಸ ಮಾಡುತ್ತಿರುತ್ತಾರೆ. ಲೆಕ್ಕವನ್ನು ನಿರ್ದೇಶಕರ ಮುಂದಿಡಿ, ತೀರ್ಮಾನ ಅವರದು. ಇನ್ನೊಂದು ಅಡ್ಡದಾರಿಯನ್ನೂ ಅವರು ಹಿಡಿಯಬಹುದು: "ಆಡಳಿತಾತ್ಮಕವಾಗಿ ಒಬ್ಬರಿಗೆ, ಕಾರ್ಯಾತ್ಮಕವಾಗಿ ಇನ್ನೊಬ್ಬರಿಗೆ." ಕೇಳಲು ಚೆಂದ. ಆದರೆ ತಿಂಗಳ ಕೊನೆಯಲ್ಲಿ ಗೋದಾಮಿನ ಎಣಿಕೆ ನಡೆಯುವಾಗ ಲಾರಿಗೆ ಸರಕು ತುಂಬಲು ಇಬ್ಬರನ್ನು ಕರೆದರೆ ಆ ಇಬ್ಬರು ಯಾರ ಮಾತು ಕೇಳಬೇಕು? ನಾಲ್ಕನೆಯ ಕಲಂ ಇರುವುದೇ ಇದಕ್ಕೆ.

ಇನ್ನು ನಿಮ್ಮ ಸ್ನೇಹಿತರು. ಸುದ್ದಿಯನ್ನು ನೀವು ಹೇಳಬೇಡಿ, ಸುಳ್ಳನ್ನೂ ಹೇಳಬೇಡಿ. ಅವರಾಗಿ ಕೇಳಿದರೆ "ಈ ಬಗ್ಗೆ ನಾನು ಮಾತಾಡುವ ಹಾಗಿಲ್ಲ, ನಿರ್ದೇಶಕರನ್ನೇ ಕೇಳಿ" ಎಂದರೆ ಸಾಕು. ಮೆಮೊ ಹೊರಬೀಳುವ ಮುಂಚೆ, ಕನಿಷ್ಠ ಒಂದು ಕೆಲಸದ ದಿನ ಮೊದಲು, ನಿರ್ದೇಶಕರು ಅವರನ್ನು ಒಬ್ಬರನ್ನೇ ಕೂರಿಸಿಕೊಂಡು ಹೇಳುವಂತೆ ಮಾಡುವುದು ನಿಮ್ಮ ಕೆಲಸ. ಅಲ್ಲಿ ಮೂರು ಉತ್ತರ ಸಿದ್ಧವಿರಬೇಕು: ಪದನಾಮ ಉಳಿಯುತ್ತದೆಯೇ, ಸಂಬಳ ಮತ್ತು ದರ್ಜೆ ಏನಾಗುತ್ತದೆ, ವರ್ಷದ ಇಷ್ಟು ತಿಂಗಳ ಕೆಲಸದ ಬಗ್ಗೆ ಅಪ್ರೈಸಲ್‌ನಲ್ಲಿ ಯಾರು ಬರೆಯುತ್ತಾರೆ. ಈ ಮೂರನೆಯದನ್ನು ಮರೆಯುವವರೇ ಹೆಚ್ಚು. ನಿರ್ದೇಶಕರು ಇಲ್ಲಿಯವರೆಗಿನ ಕೆಲಸದ ಟಿಪ್ಪಣಿಯನ್ನು ಈಗಲೇ ಬರೆದು, ಅವರಿಗೂ ತೋರಿಸಿ, ಹೊಸ ಮುಖ್ಯಸ್ಥರಿಗೆ ಒಪ್ಪಿಸಬೇಕು. ಇಲ್ಲದಿದ್ದರೆ ವರ್ಷದ ಕೊನೆಗೆ, ಆ ಕೆಲಸ ನೋಡದೇ ಇದ್ದವರು ಅಂಕ ಹಾಕುತ್ತಾರೆ. ಮೆಮೊದಲ್ಲಿ ನಿಮ್ಮ ಸ್ನೇಹಿತರನ್ನು ಕುರಿತ ಸಾಲನ್ನು ಅವರಿಗೆ ಅಲ್ಲೇ ಓದಿಸಿ. ಪದವೊಂದನ್ನು ಬದಲಿಸಿ ಅಂದರೆ, ಅರ್ಥ ಕೆಡದಿದ್ದರೆ ಬದಲಿಸಿ.

ಈಗ ಬರೆಯಲು ಕೂರಬಹುದು. ಮೊದಲ ಉತ್ತರ ಸಿಕ್ಕಿದೆ ಎಂದಿಟ್ಟುಕೊಂಡರೆ ಆರಂಭ ಹೀಗಿರಲಿ:

> ಮುಂದಿನ ತಿಂಗಳ 1ರಿಂದ ದಾಸ್ತಾನು ಮತ್ತು ರವಾನೆ ಒಂದೇ ವಿಭಾಗವಾಗುತ್ತವೆ. ಈಗಿನ ರವಾನೆ ಮುಖ್ಯಸ್ಥರು ಇದರ ಮುಖ್ಯಸ್ಥರು. ದಾಸ್ತಾನು ಮುಖ್ಯಸ್ಥರು ಇಲ್ಲಿಯವರೆಗೆ ನನಗೆ ರಿಪೋರ್ಟ್ ಮಾಡುತ್ತಿದ್ದರು, ಇನ್ನು ಅವರಿಗೆ ಮಾಡುತ್ತಾರೆ. ದಾಸ್ತಾನಿನ 8 ಜನರ ಕೆಲಸ, ರಜೆ, ಅಪ್ರೈಸಲ್ ಈಗಿನಂತೆ ದಾಸ್ತಾನು ಮುಖ್ಯಸ್ಥರೇ ನೋಡುತ್ತಾರೆ. ನನ್ನ ಸಹಿಗೆ ಬರುತ್ತಿದ್ದ ಉದ್ದದ ರಜೆ ಮತ್ತು ಓವರ್‌ಟೈಮ್ ಇನ್ನು ವಿಭಾಗದ ಮುಖ್ಯಸ್ಥರ ಸಹಿಗೆ ಹೋಗುತ್ತವೆ. ಈಗಾಗಲೇ ಮಂಜೂರಾದ ರಜೆ ಹಾಗೆಯೇ ಇರುತ್ತದೆ. ಎಣಿಕೆಯ ದಿನಗಳಲ್ಲಿ ದಾಸ್ತಾನಿನವರನ್ನು ಬೇರೆ ಕೆಲಸಕ್ಕೆ ಕರೆಯಬೇಕಾದರೆ ದಾಸ್ತಾನು ಮುಖ್ಯಸ್ಥರನ್ನು ಕೇಳಿಯೇ ಕರೆಯಬೇಕು.

"ನಿರ್ಧರಿಸಲಾಗಿದೆ" ಎಂದು ಎಲ್ಲೂ ಬರಬಾರದು. ನಿರ್ಧರಿಸಿದ್ದು ನಿರ್ದೇಶಕರು, "ನಾನು ನಿರ್ಧರಿಸಿದ್ದೇನೆ" ಎಂದು ಅವರ ಸಹಿಯಲ್ಲೇ ಹೋಗಲಿ. ಕಾರಣಕ್ಕೆ ಒಂದು ಸಾಲು ಸಾಕು: ಪಟ್ಟಿಯಲ್ಲಿರುವ ಸರಕಿಗೂ ಲಾರಿಗೆ ತುಂಬುವ ಸರಕಿಗೂ ತಾಳೆಯಾಗದೆ ಆರ್ಡರ್ ತಡವಾಗುತ್ತಿವೆ, ಎರಡನ್ನೂ ಒಬ್ಬರು ನೋಡಿದರೆ ಅದೇ ದಿನ ಸರಿಪಡಿಸಬಹುದು, ಎನ್ನುವ ಥರ. ತಪ್ಪು ದಾಸ್ತಾನಿನವರದು ಎಂಬ ಧ್ವನಿ ಬರದಿರಲಿ. "ಹೊಸ ಅಧ್ಯಾಯ", "ಸಂತಸದಿಂದ ತಿಳಿಸುತ್ತೇವೆ" ಎಲ್ಲ ತೆಗೆಯಿರಿ. ಸಂತಸ ಓದುವವರದಲ್ಲ.

ಕೆಲಸ ಹೋಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಮೆಮೊದಲ್ಲೇ ಬೇಕು. ನಿರ್ದೇಶಕರು ಸಹಿ ಹಾಕಲು ಒಪ್ಪಿದರೆ ಮಾತ್ರ "ಈ ಬದಲಾವಣೆಯಲ್ಲಿ ಯಾವ ಹುದ್ದೆಯನ್ನೂ ತೆಗೆಯುತ್ತಿಲ್ಲ" ಎಂದು ಬರೆಯಿರಿ. "ಸದ್ಯಕ್ಕೆ ಇಲ್ಲ" ಎಂದರೆ ಓದುವವರು "ಸದ್ಯಕ್ಕೆ" ಒಂದನ್ನೇ ಓದುತ್ತಾರೆ. ತೀರ್ಮಾನವಾಗಿಲ್ಲದಿದ್ದರೆ ಯಾವುದು ಆಗಿಲ್ಲ, ಯಾವ ತಾರೀಕಿಗೆ ತಿಳಿಸುತ್ತೀರಿ ಎಂದು ಬರೆಯಿರಿ, ಆ ತಾರೀಕಿಗೆ ಹೇಳಲು ಏನೂ ಇಲ್ಲದಿದ್ದರೂ ಎರಡು ಸಾಲು ಕಳಿಸಿ.

ಕಳಿಸುವ ಮುಂಚೆ, ಈ ಎರಡೂ ವಿಭಾಗಕ್ಕೆ ಸೇರದ, ಗುಟ್ಟು ಕಾಯುವ ಒಬ್ಬರಿಗೆ ಕೊಟ್ಟು ಕೇಳಿ: "ದಾಸ್ತಾನಿನ ಸಂಜೆ ಪಾಳಿಯವನಿಗೆ ಹತ್ತು ದಿನ ರಜೆ ಬೇಕು. ಯಾರನ್ನು ಕೇಳಬೇಕು?" ಉತ್ತರಕ್ಕೆ ಎರಡು ಸಲ ಓದಬೇಕಾದರೆ ಆ ಸಾಲು ಇನ್ನೂ ಸರಿಯಾಗಿಲ್ಲ.

ಸೋಮವಾರದ ಒಳಗೆ ಇಷ್ಟೆಲ್ಲ ಆಗದಿದ್ದರೆ ಬುಧವಾರಕ್ಕೆ ಹಾಕಿ ಎಂದು ಕೇಳಿ. ಬೆಳಗಿನ ಸಭೆಯಲ್ಲಿ ಹೇಳುತ್ತಿದ್ದಂತೆಯೇ ಮೆಮೊ ಎಲ್ಲರ ಕೈಗೆ ಬರಲಿ. ಸಂಜೆ ಪಾಳಿಯವರನ್ನು ಅದೇ ಸಭೆಗೆ ಕರೆಸಿ, ಇಲ್ಲವೇ ಅದೇ ಹೊತ್ತಿಗೆ ಫೋನಿನಲ್ಲಿ ಸೇರಿಸಿಕೊಳ್ಳಿ, ಇಲ್ಲದಿದ್ದರೆ ಅವರಿಗೆ ವಾಟ್ಸಾಪ್‌ನಲ್ಲಿ ಅರ್ಧ ಸುದ್ದಿ ಮೊದಲು ತಲುಪುತ್ತದೆ. ರಜೆಯಲ್ಲಿರುವವರಿಗೆ ನೀವೇ ಫೋನ್ ಮಾಡಿ. ರಜೆಯ ತಂತ್ರಾಂಶದಲ್ಲಿ ಮೇಲಧಿಕಾರಿಗಳ ಹೆಸರು 1ನೇ ತಾರೀಕು ಬೆಳಗ್ಗೆಯೇ ಬದಲಾಗಿರಬೇಕು. ಮೆಮೊ ಒಬ್ಬರ ಹೆಸರು ಹೇಳಿ ತೆರೆಯ ಮೇಲೆ ಇನ್ನೊಬ್ಬರ ಹೆಸರು ಕಂಡರೆ ಜನ ನಂಬುವುದು ತೆರೆಯನ್ನೇ.