ಸಿಐಎಸ್‌ಎಸ್‌ಪಿಯೋ, ಎಂ.ಟೆಕ್ ಪದವಿಯೋ?

“ನೆಟ್‌ವರ್ಕ್ ಭದ್ರತೆಯಲ್ಲಿ 9 ವರ್ಷ ಅನುಭವವಿದೆ. ಸೆಕ್ಯುರಿಟಿ ಆರ್ಕಿಟೆಕ್ಟ್ ಹುದ್ದೆಗೆ ಅರ್ಜಿ ಹಾಕಿದರೆ ಕರೆಯೇ ಬರುತ್ತಿಲ್ಲ. ಮಾಹಿತಿ ಭದ್ರತೆಯ ಸಿಐಎಸ್‌ಎಸ್‌ಪಿ ಪ್ರಮಾಣಪತ್ರ ಪಡೆಯಲೇ, ಎಂ.ಟೆಕ್ ಮಾಡಲೇ?”

ರೆಸ್ಯೂಮೆಯಲ್ಲಿ ಸಿಐಎಸ್‌ಎಸ್‌ಪಿ ಇಲ್ಲದಿರುವುದರಿಂದ ನಿಮ್ಮ ಅರ್ಜಿ ಬಹುಶಃ ಮೊದಲ ಸುತ್ತಿನಲ್ಲೇ ಪಕ್ಕಕ್ಕೆ ಸರಿಯುತ್ತಿದೆ. ಸಂದರ್ಶನದವರೆಗೆ ಹೋಗಿ ಬಿದ್ದಿದ್ದರೆ ಬೇರೆ ಮಾತು. ನಿಮಗೆ ಬೇಕಾದ ಹುದ್ದೆಯ 20 ಜಾಹೀರಾತುಗಳನ್ನು ತೆರೆದು, ಸ್ನಾತಕೋತ್ತರ ಪದವಿ ಕಡ್ಡಾಯವೆಂದವು ಎಷ್ಟೆಂದು ಎಣಿಸಿ. ಅವು ಬೆರಳೆಣಿಕೆಯಷ್ಟಿದ್ದರೆ ಸಿಐಎಸ್‌ಎಸ್‌ಪಿಯನ್ನೇ ಹಿಡಿಯಿರಿ. ಅದರ 8 ವಿಷಯಗಳ ಪೈಕಿ ಕನಿಷ್ಠ 2ರಲ್ಲಿ ಒಟ್ಟು 5 ವರ್ಷದ ಅನುಭವ ಬೇಕಾಗುವುದರಿಂದ, ಫೈರ್‌ವಾಲ್ ಕೆಲಸದ ಜೊತೆಗೆ ಬಳಕೆದಾರರ ಪ್ರವೇಶಾನುಮತಿ ನೋಡಿಕೊಂಡಿದ್ದನ್ನೂ ವರ್ಷವಾರು ಬರೆದಿಡಿ. ಪರೀಕ್ಷೆ ಪಾಸಾದ 9 ತಿಂಗಳೊಳಗೆ, ಇದನ್ನು ನೀಡುವ ಐಎಸ್‌ಸಿ2 ಸಂಸ್ಥೆಯ ಪ್ರಮಾಣಪತ್ರವಿರುವ ಒಬ್ಬರು ಅಥವಾ ಆ ಸಂಸ್ಥೆಯೇ ಆ ಅನುಭವವನ್ನು ದೃಢೀಕರಿಸಬೇಕಾಗುತ್ತದೆ. ಆದ್ದರಿಂದ ಹಳೆಯ ಕಂಪನಿಗಳ ಅನುಭವಪತ್ರಗಳನ್ನು ಈಗಲೇ ತರಿಸಿಕೊಳ್ಳಿ. ಸಂಶೋಧನೆಗೋ ಬೋಧನೆಗೋ ಹೊರಳುವ ಮನಸ್ಸಿದ್ದರೆ ಮಾತ್ರ ಎಂ.ಟೆಕ್ ಮೊದಲು ಮಾಡಿ.