ಮುಟ್ಟು ನಿಂತ ಮೇಲೆ ಕ್ಯಾಲ್ಸಿಯಂ ಮಾತ್ರೆ: ಮೊದಲು ವಿಟಮಿನ್ ಡಿ ನೋಡಿಸಿ

"ನನಗೆ 52. ಮುಟ್ಟು ನಿಂತು ಎರಡು ವರ್ಷ ಆಯ್ತು. ದಿನಾ ಮುದ್ದೆ ಉಣ್ಣುತ್ತೇನೆ, ಬೆಳಿಗ್ಗೆ ಬಿಸಿಲಲ್ಲಿ ವಾಕಿಂಗ್ ಮಾಡುತ್ತೇನೆ. ಮೂಳೆಗೆ ಯಾವ ಕ್ಯಾಲ್ಸಿಯಂ ಮಾತ್ರೆ ಒಳ್ಳೆಯದು?"

ನನ್ನದೂ ಇದೇ ದಿನಚರಿ. ಮುದ್ದೆ, ಹಾಲು, ಮೇಲೊಂದು ಕ್ಯಾಲ್ಸಿಯಂ ಮಾತ್ರೆ, ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್. 57ನೇ ವಯಸ್ಸಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕಾಲು ಜಾರಿತು. ಕೈ ಊರಿದೆ, ಮಣಿಕಟ್ಟು ಮುರಿಯಿತು. ಇಷ್ಟಕ್ಕೆಲ್ಲ ಮೂಳೆ ಮುರಿಯಬಾರದು ಅಂತ ಡಾಕ್ಟರು ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಮತ್ತು ರಕ್ತ ಪರೀಕ್ಷೆ ಬರೆದರು. ಬೆನ್ನುಮೂಳೆಯ ಟಿ ಸ್ಕೋರ್ ಮೈನಸ್ 2.7 ಬಂತು. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ವಿಟಮಿನ್ ಡಿ ಒಂದು ಮಿಲಿಲೀಟರಿಗೆ ಬರೀ 9 ನ್ಯಾನೊಗ್ರಾಂ ಇತ್ತು. 20ಕ್ಕಿಂತ ಕಡಿಮೆ ಇದ್ದರೇ ಕೊರತೆ.

ನಾನು ನಂಬಿ ಕೆಟ್ಟಿದ್ದು ಬೆಳಗಿನ ಬಿಸಿಲನ್ನು. ಆರೂವರೆಗೆ ಹೋಗಿ ಏಳೂವರೆಗೆ ವಾಪಸ್. ತುಂಬುತೋಳಿನ ಸ್ವೆಟರ್, ತಲೆಗೆ ಸ್ಕಾರ್ಫ್, ದಾರಿಯುದ್ದ ಮರದ ನೆರಳು. ಎಳೆ ಬಿಸಿಲು ಒಳ್ಳೆಯದು ಅಂತ ನಮ್ಮಮ್ಮನ ಕಾಲದಿಂದ ಕೇಳಿದ್ದೇ ತಾನೆ. ಆದರೆ ಚರ್ಮದಲ್ಲಿ ವಿಟಮಿನ್ ಡಿ ಮಾಡುವ ಕಿರಣ ಯುವಿಬಿ. ಸೂರ್ಯ ಕೆಳಗಿರುವಾಗ ಅದು ಗಾಳಿಯ ದಪ್ಪ ಪದರವನ್ನು ದಾಟಿ ಬರಬೇಕು, ಅಷ್ಟರಲ್ಲಿ ಬಹುಪಾಲು ಹೀರಿಹೋಗುತ್ತದೆ. ಗುರುತು ಸುಲಭ: ನಿಮ್ಮ ನೆರಳು ನಿಮಗಿಂತ ಉದ್ದ ಇದ್ದರೆ ಆ ಬಿಸಿಲಲ್ಲಿ ಡಿ ಹೆಚ್ಚೇನೂ ಆಗುವುದಿಲ್ಲ. ನೆರಳು ಗಿಡ್ಡ ಆಗಬೇಕು. ನಮ್ಮ ಕಡೆ ಹನ್ನೊಂದರಿಂದ ಎರಡರ ಒಳಗೆ ಅಂತ ಇಟ್ಟುಕೊಳ್ಳಿ. ಮುಖ, ತೋಳು, ಕಾಲಿಗೆ ನೇರವಾಗಿ ಬೀಳಬೇಕು. ಕಿಟಕಿ ಗಾಜಿನ ಹಿಂದೆ ಕೂತರೆ ಪ್ರಯೋಜನವಿಲ್ಲ, ಗಾಜು ಯುವಿಬಿಯನ್ನು ತಡೆಯುತ್ತದೆ.

ಡಿ ಇಲ್ಲದಿದ್ದರೆ ಏನಾಗುತ್ತೆ ಅಂತ ಡಾಕ್ಟರು ಲೆಕ್ಕ ಹಾಕಿ ತೋರಿಸಿದರು. 1000 ಮಿಲಿಗ್ರಾಂ ಕ್ಯಾಲ್ಸಿಯಂ ತಿಂದರೆ ಡಿ ಸಾಕಷ್ಟಿರುವವರ ಕರುಳು 300-400 ಹೀರಿಕೊಳ್ಳುತ್ತದೆ. ಡಿ ಕೊರತೆ ಇದ್ದರೆ 100-150 ಮಾತ್ರ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯಬಾರದು ಅಂತ ದೇಹ ಪ್ಯಾರಾಥೈರಾಯ್ಡ್ ಹಾರ್ಮೋನ್ ಜಾಸ್ತಿ ಮಾಡಿ ಮೂಳೆಯಿಂದಲೇ ಅದನ್ನು ತೆಗೆಯುತ್ತದೆ. ಮುಟ್ಟು ನಿಂತ ಮೊದಲ ವರ್ಷಗಳಲ್ಲಿ ಈಸ್ಟ್ರೊಜೆನ್ ಇಳಿದು ಮೂಳೆ ಹೇಗೂ ಬೇಗ ಸವೆಯುತ್ತಿರುತ್ತದೆ. ನಾನು ಮಾತ್ರೆ ನುಂಗುತ್ತಲೇ ಇದ್ದೆ, ಮೂಳೆ ಖಾಲಿಯಾಗುತ್ತಲೇ ಇತ್ತು.

ಹಾಗಾಗಿ ಯಾವ ಮಾತ್ರೆ ಅನ್ನುವುದು ಮೊದಲ ಪ್ರಶ್ನೆಯೇ ಅಲ್ಲ. 25-ಹೈಡ್ರಾಕ್ಸಿ ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ನನಗೆ 60,000 ಯೂನಿಟ್‌ನ ಪುಡಿ ಸ್ಯಾಶೆ ವಾರಕ್ಕೊಂದರಂತೆ ಎಂಟು ವಾರ ಕೊಟ್ಟರು, ಆಮೇಲೆ ತಿಂಗಳಿಗೊಂದು. ಊಟ ಆದ ಮೇಲೆ, ಹಾಲಿನಲ್ಲಿ. ಇದನ್ನು ದಿನಕ್ಕೊಂದು ಅಂತ ತಪ್ಪಾಗಿ ತಿಂದವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಸುಸ್ತು ಬರುತ್ತೆ, ಕಿಡ್ನಿಗೂ ಪೆಟ್ಟು.

ಡಿ ಸರಿಹೋದ ಮೇಲೆ ನಿಮ್ಮ ಮುದ್ದೆ ಕೆಲಸಕ್ಕೆ ಬರುತ್ತೆ. ನಮ್ಮ ವಯಸ್ಸಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿ ಹಿಟ್ಟಿನ ಎರಡು ಚಿಕ್ಕ ಮುದ್ದೆಯಲ್ಲಿ ಸುಮಾರು 350 ಇರುತ್ತದೆ. ಹಾಲು ಮೊಸರು ಸೇರಿ ಅರ್ಧ ಲೀಟರ್ ಆದರೆ ಸುಮಾರು 600. ನುಗ್ಗೆ ಸೊಪ್ಪು 50 ಗ್ರಾಂ ಹಾಕಿದರೆ 150. ಅಲ್ಲಿಗೆ 1100 ಆಯ್ತು! ಇಷ್ಟು ಉಂಡ ದಿನ ನಾನು ಮಾತ್ರೆ ಮುಟ್ಟುವುದಿಲ್ಲ. ಉಣ್ಣದ ದಿನ 500ರದ್ದು ಒಂದು, ಅದೂ ಊಟದ ಜೊತೆ. ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಲು ಹೊಟ್ಟೆಯಲ್ಲಿ ಆಮ್ಲ ಇರಬೇಕು. ಥೈರಾಯ್ಡ್ ಮಾತ್ರೆ ತಗೊಳ್ಳುವವರು ಎರಡರ ಮಧ್ಯೆ ನಾಲ್ಕು ಗಂಟೆ ಬಿಡಿ.

ಇನ್ನೊಂದು ವಿಷಯ, ಇದು ನಮ್ಮ ಮೈಸೂರು-ಮಂಡ್ಯ ಹೆಂಗಸರಿಗೆ ಖಂಡಿತ ಹೇಳಬೇಕು. ಮೂಳೆಯ ಚೌಕಟ್ಟೇ ಪ್ರೋಟೀನು. ಬಸ್ಸಾರು ಮಾಡಿದಾಗ ಕಟ್ಟು ಸಾರಿಗೆ, ಕಾಳು ಸೊಪ್ಪು ಪಲ್ಯಕ್ಕೆ. ಕೊನೆಯಲ್ಲಿ ಉಣ್ಣಲು ಕೂರುವ ನಮಗೆ ಸಾರು ಉಳಿದಿರುತ್ತೆ, ಪಲ್ಯ ಮುಗಿದಿರುತ್ತೆ. ಅಲ್ವಾ? ರಾತ್ರಿ ಮಜ್ಜಿಗೆ ಅನ್ನ ಸಾಕು ಅಂತೀವಿ. ನನ್ನ ತೂಕ 60 ಕೆಜಿ, ದಿನಕ್ಕೆ 60 ಗ್ರಾಂ ಪ್ರೋಟೀನ್ ಬೇಕು ಅಂದರು. ಈಗ ಹುರುಳಿಯೋ ಅವರೆಯೋ, ಕಾಳಿನ ಪಲ್ಯ ಒಂದು ಬಟ್ಟಲು ಮೊದಲೇ ಎತ್ತಿಡುತ್ತೇನೆ. ಎರಡು ಮೊಟ್ಟೆ ತಿನ್ನುತ್ತೇನೆ, ರಾತ್ರಿ ಗಟ್ಟಿ ಮೊಸರು. ನೀವು ಮೊಟ್ಟೆ ತಿನ್ನದಿದ್ದರೆ ಕಾಳು, ಪನೀರ್ ಹೆಚ್ಚಿಸಿ.

ನನ್ನ ಹಾಗೆ ಒಮ್ಮೆ ಮೂಳೆ ಮುರಿದವರಿಗೆ ಊಟವೊಂದೇ ಸಾಲುವುದಿಲ್ಲ. ನನಗೆ ಮೂಳೆ ಸವೆತ ತಡೆಯುವ ಅಲೆಂಡ್ರೊನೇಟ್ ಮಾತ್ರೆಯೂ ವಾರಕ್ಕೊಂದು ಇದೆ, ಡಿ ಸರಿಯಾದ ಮೇಲೇ ಶುರು ಮಾಡಿದ್ದು. ನಿಮಗೆ ಮೊದಲು ಕಿಡ್ನಿ ಕಲ್ಲು ಆಗಿದ್ದರೆ ಡಿ ಆಗಲಿ ಕ್ಯಾಲ್ಸಿಯಂ ಆಗಲಿ ಸುಮ್ನೆ ಮೆಡಿಕಲ್ ಸ್ಟೋರಿನಿಂದ ತಂದು ನುಂಗಬೇಡಿ, ಡಾಕ್ಟರಿಗೆ ಆ ಮಾತು ಮೊದಲೇ ಹೇಳಿ.