ಸಾವಿನ ವಿಮೆಯ ಹಣ, ಅವಧಿ ಮುಗಿದ ಪಾಲಿಸಿಯ ಹಣ: ತೆರಿಗೆ ವಿನಾಯಿತಿಯ ಹಿಂದಿನ ಲೆಕ್ಕ

ಪ್ರಶ್ನೆ: ಸಂಬಳಕ್ಕೆ ತೆರಿಗೆ ಕಟ್ಟುತ್ತೇವೆ, ಠೇವಣಿಯ ಬಡ್ಡಿಗೂ ಕಟ್ಟುತ್ತೇವೆ. ಆದರೆ ಜೀವವಿಮೆಯಿಂದ ಒಮ್ಮೆಲೇ ಬರುವ ದೊಡ್ಡ ಮೊತ್ತಕ್ಕೆ, ಇನ್ನು ಕೆಲವು ಉಳಿತಾಯ ಯೋಜನೆಗಳ ಬಡ್ಡಿಗೆ ತೆರಿಗೆ ಇಲ್ಲ ಎನ್ನುತ್ತಾರೆ. ಇದಕ್ಕೆ ಏನಾದರೂ ತರ್ಕ ಇದೆಯೇ, ಅಥವಾ ವಿಮಾ ಕಂಪನಿಗಳ ಒತ್ತಡಕ್ಕೆ ಸರ್ಕಾರಗಳು ಮಣಿದದ್ದು ಅಷ್ಟೇನಾ?

ಉತ್ತರ: ತೆರಿಗೆ ಲೆಕ್ಕಪತ್ರಗಳನ್ನು ಸಿದ್ಧಪಡಿಸುವ ಕೆಲಸದಲ್ಲಿ ಹಲವು ವರ್ಷ ಕಳೆದವನಾಗಿ ನನಗೆ ಅನ್ನಿಸುವುದೆಂದರೆ, ಇದರಲ್ಲಿ ಅರ್ಧ ಭಾಗಕ್ಕೆ ಗಟ್ಟಿಯಾದ ತರ್ಕವಿದೆ, ಉಳಿದರ್ಧ ಸರ್ಕಾರಗಳು ಬೇಕೆಂದೇ ಕೊಟ್ಟ ರಿಯಾಯಿತಿ. ಎರಡೂ ಒಂದೇ ಪಾಲಿಸಿಯೊಳಗೆ ಕೂಡಿಕೊಂಡಿರುವುದರಿಂದ ಬಿಡಿಸಿ ನೋಡದೆ ಅರ್ಥವಾಗುವುದಿಲ್ಲ.

ಮೊದಲು ಉಳಿತಾಯದ ಅಂಶವೇ ಇಲ್ಲದ, ಶುದ್ಧವಾದ ಒಂದು ವರ್ಷದ ವಿಮೆಯನ್ನು ತೆಗೆದುಕೊಳ್ಳೋಣ. ಒಂದೇ ವಯಸ್ಸಿನ 1,000 ಜನ ಸೇರಿದ್ದಾರೆ, ಅವರಲ್ಲಿ ಆ ವರ್ಷ ಇಬ್ಬರು ತೀರಿಕೊಳ್ಳಬಹುದೆಂಬ ಅಂದಾಜಿದೆ, ತೀರಿಕೊಂಡವರ ಕುಟುಂಬಕ್ಕೆ ತಲಾ 10 ಲಕ್ಷ ಸಿಗಬೇಕು ಎಂದಿಟ್ಟುಕೊಳ್ಳಿ. ಕಂಪನಿಯ ಖರ್ಚು, ಲಾಭಗಳನ್ನು ಪಕ್ಕಕ್ಕಿಟ್ಟರೆ ಬೇಕಾಗುವುದು 20 ಲಕ್ಷ, ಅಂದರೆ ತಲಾ 2,000 ಪ್ರೀಮಿಯಂ. ಈ 2,000ವನ್ನು ಪ್ರತಿಯೊಬ್ಬರೂ ಕೊಟ್ಟಿರುವುದು ತೆರಿಗೆ ಕಟ್ಟಿ ಉಳಿದ ಸಂಪಾದನೆಯಿಂದ. ಗುಂಪಿನೊಳಗೆ ಬಂದದ್ದು 20 ಲಕ್ಷ, ಹೊರಗೆ ಹೋದದ್ದೂ 20 ಲಕ್ಷ. ಹೊಸ ಸಂಪತ್ತು ಒಂದು ಕಾಸಿನಷ್ಟೂ ಹುಟ್ಟಿಲ್ಲ, 998 ಮನೆಗಳ ಹಣ ಎರಡು ಮನೆಗಳಿಗೆ ಸರಿದಿದೆ, ಅಷ್ಟೆ. ಈಗ ಸರ್ಕಾರ ಆ ಎರಡು ಮನೆಗಳಿಂದ ಶೇ. 30ರಷ್ಟು ತೆರಿಗೆ ವಸೂಲು ಮಾಡಿದರೆ, ಈಗಾಗಲೇ ಒಮ್ಮೆ ತೆರಿಗೆ ಕಂಡ ಹಣದಿಂದಲೇ ಮತ್ತೆ 6 ಲಕ್ಷ ತೆಗೆದಂತಾಗುತ್ತದೆ, ಅದೂ ದುಡಿಯುವವರನ್ನು ಕಳೆದುಕೊಂಡ ಮನೆಗಳಿಂದಲೇ.

ಇದನ್ನು ತಿರುಗಿಸಿಯೂ ಮಾಡಬಹುದು. ಕಟ್ಟಿದ ಪ್ರೀಮಿಯಂ ಅನ್ನು ಎಲ್ಲರೂ ತಮ್ಮ ಆದಾಯದಿಂದ ಕಳೆಯಲು ಬಿಟ್ಟು, ಬರುವ ಮೊತ್ತಕ್ಕೆ ತೆರಿಗೆ ಹಾಕಬಹುದು. ಎಲ್ಲರಿಗೂ ಒಂದೇ ದರವಿದ್ದರೆ 20 ಲಕ್ಷದ ಕಡಿತದಿಂದ ಸರ್ಕಾರ ಕಳೆದುಕೊಳ್ಳುವುದು 6 ಲಕ್ಷ, ಕೊನೆಯಲ್ಲಿ ಗಳಿಸುವುದೂ 6 ಲಕ್ಷ. ಸಾವಿರ ಜನರ ಲೆಕ್ಕ ಪರಿಶೀಲಿಸಿ ಕೊನೆಗೆ ಸೊನ್ನೆ ಸಂಪಾದಿಸುವುದಕ್ಕಿಂತ, ಪ್ರೀಮಿಯಂಗೂ ಕಡಿತ ಕೊಡದೆ ಮೊತ್ತಕ್ಕೂ ತೆರಿಗೆ ಹಾಕದೆ ಸುಮ್ಮನಿರುವುದು ಸುಲಭ. ಅಮೆರಿಕದ 1913ರ ಆದಾಯ ತೆರಿಗೆ ಕಾಯ್ದೆಯೇ ಮರಣಾನಂತರ ಬರುವ ವಿಮಾ ಮೊತ್ತವನ್ನು ಆದಾಯದಿಂದ ಹೊರಗಿಟ್ಟಿತ್ತು.

ಈ ತರ್ಕ ಕಾನೂನಿನಲ್ಲಿ ನಿಜವಾಗಿಯೂ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದನ್ನು ಅದು ಮುರಿದುಬೀಳುವ ಕಡೆಗಳಲ್ಲಿ ನೋಡಬೇಕು. ಭಾರತದಲ್ಲಿ ಸಂಸ್ಥೆಯೊಂದು ತನ್ನ ಮುಖ್ಯ ನೌಕರನ ಜೀವದ ಮೇಲೆ ತನ್ನ ಲಾಭಕ್ಕಾಗಿಯೇ ಮಾಡಿಸುವ ಕೀಮ್ಯಾನ್ ಪಾಲಿಸಿಯಿದೆ. ಅದರ ಪ್ರೀಮಿಯಂ ಅನ್ನು ಸಂಸ್ಥೆ ವ್ಯವಹಾರದ ಖರ್ಚೆಂದು ಕಳೆಯುತ್ತದೆ, ಆದ್ದರಿಂದ ಬರುವ ಮೊತ್ತಕ್ಕೆ ತೆರಿಗೆಯಿದೆ, ನೌಕರ ತೀರಿಕೊಂಡಾಗ ಬಂದದ್ದಾದರೂ ಸರಿ. ಅಮೆರಿಕದಲ್ಲಿ ಒಬ್ಬರ ಪಾಲಿಸಿಯನ್ನು ಹೊರಗಿನವರು ಹಣ ಕೊಟ್ಟು ಕೊಂಡುಕೊಂಡರೆ, ಕೆಲವು ನಿರ್ದಿಷ್ಟ ಸಂದರ್ಭಗಳನ್ನು ಬಿಟ್ಟು, ಕೊಂಡವರು ಹಾಕಿದ ಹಣಕ್ಕಿಂತ ಹೆಚ್ಚಾಗಿ ಬಂದದ್ದು ಆದಾಯವೆನಿಸುತ್ತದೆ. ಆ ಸಾವಿನಿಂದ ಅವರು ಕಳೆದುಕೊಂಡದ್ದು ಏನೂ ಇಲ್ಲ, ಅವರದು ಬರೀ ಹೂಡಿಕೆ. ವಿನಾಯಿತಿ ಅಂಟಿಕೊಂಡಿರುವುದು ‘ವಿಮೆ’ ಎಂಬ ಹೆಸರಿಗಲ್ಲ, ತೆರಿಗೆ ಕಟ್ಟಿದ ಹಣದಿಂದ ನಷ್ಟವನ್ನು ತುಂಬಿಕೊಳ್ಳುವ ಏರ್ಪಾಡಿಗೆ ಎಂಬುದು ಈ ಎರಡರಿಂದಲೂ ತಿಳಿಯುತ್ತದೆ.

ಇಷ್ಟು ಸಾವಿನ ಮಾತಾಯಿತು. ಪಾಲಿಸಿದಾರರು ಬದುಕಿದ್ದು, ಇಪ್ಪತ್ತು ವರ್ಷದ ಕೊನೆಗೆ ಮೆಚ್ಯೂರಿಟಿಯ ಹಣ ಪಡೆದಾಗ ಮೇಲಿನ ವಾದ ನಿಲ್ಲುವುದಿಲ್ಲ. ಅಲ್ಲಿ ಯಾವ ನಷ್ಟವೂ ಆಗಿಲ್ಲ, ಕಟ್ಟಿದ್ದಕ್ಕಿಂತ ಹೆಚ್ಚು ಬಂದದ್ದು ಬೋನಸ್ ಎಂಬ ಹೆಸರಿನ ಬಡ್ಡಿಯೇ. ಈ ಬಡ್ಡಿಗೆ ತೆರಿಗೆಯಿಲ್ಲದಿದ್ದರೆ ಎಷ್ಟು ವ್ಯತ್ಯಾಸವಾಗುತ್ತದೆ ನೋಡಿ. ವರ್ಷದ ಆರಂಭದಲ್ಲಿ 1 ಲಕ್ಷದಂತೆ 20 ವರ್ಷ ಕಟ್ಟುತ್ತೀರಿ, ವರ್ಷಕ್ಕೆ ಶೇ. 6ರಂತೆ ಬೆಳೆಯುತ್ತದೆ, ನಿಮ್ಮ ತೆರಿಗೆ ದರ ಶೇ. 30 ಎಂದುಕೊಳ್ಳಿ. ಪ್ರತಿ ವರ್ಷದ ಬಡ್ಡಿಗೆ ಆಗಿಂದಾಗಲೇ ತೆರಿಗೆ ಕಟ್ಟುತ್ತಾ ಹೋದರೆ ಹಣ ನಿಜವಾಗಿ ಬೆಳೆಯುವುದು ಶೇ. 4.2ರಂತೆ, ಕೊನೆಗೆ ಕೈಗೆ ಬರುವುದು ಸುಮಾರು 31.7 ಲಕ್ಷ. ಬಡ್ಡಿಯನ್ನು ಮುಟ್ಟದೆ ಬೆಳೆಯಲು ಬಿಟ್ಟು ಕೊನೆಯ ದಿನ ಒಟ್ಟು ಗಳಿಕೆಗೆ ಒಮ್ಮೆಲೇ ಅದೇ ದರದಲ್ಲಿ ತೆರಿಗೆ ಕಟ್ಟಿದರೆ ಸುಮಾರು 33.3 ಲಕ್ಷ. ತೆರಿಗೆಯೇ ಇಲ್ಲದಿದ್ದರೆ ಸುಮಾರು 39 ಲಕ್ಷ. ತೆರಿಗೆಯನ್ನು ಮುಂದೂಡುವುದರಿಂದ ಸಿಗುವ ಲಾಭ ಒಂದೂವರೆ ಲಕ್ಷದ ಆಸುಪಾಸಿನದಾದರೆ, ಪೂರ್ತಿ ಬಿಟ್ಟುಕೊಡುವುದರಿಂದ ಅದರ ಮೇಲೆ ಇನ್ನೂ 5.7 ಲಕ್ಷ ಸಿಗುತ್ತದೆ.

ಮುಂದೂಡುವುದಕ್ಕೆ ವ್ಯಾವಹಾರಿಕ ಕಾರಣವೊಂದಿದೆ. ಪಾಲಿಸಿಯೊಳಗೆ ಪ್ರತಿ ವರ್ಷ ಬೆಳೆಯುವ ಹಣ ಪಾಲಿಸಿದಾರರ ಕೈಗೆ ಬಂದಿರುವುದಿಲ್ಲ. ಮಧ್ಯದಲ್ಲಿ ಸರೆಂಡರ್ ಮಾಡಿದರೆ ಅದರಲ್ಲಿ ಒಂದು ಭಾಗ ಕಡಿತವಾಗುತ್ತದೆ, ಪ್ರೀಮಿಯಂನಲ್ಲಿ ಎಷ್ಟು ಆ ವರ್ಷದ ಸಾವಿನ ಅಪಾಯಕ್ಕೆ ಖರ್ಚಾಯಿತು, ಎಷ್ಟು ಉಳಿತಾಯಕ್ಕೆ ಹೋಯಿತು ಎಂಬುದನ್ನು ಬಿಡಿಸುವುದೂ ಕಷ್ಟ. ಆದರೆ ಪೂರ್ತಿ ವಿನಾಯಿತಿಯನ್ನು ಈ ಕಾರಣ ಸಮರ್ಥಿಸುವುದಿಲ್ಲ. ಅದು ಜನ ದೀರ್ಘಾವಧಿಗೆ ಹಣ ಕಟ್ಟಲಿ, ಮುಪ್ಪಿನಲ್ಲಿ ಸರ್ಕಾರದ ಕಡೆ ನೋಡದಿರಲಿ ಎಂಬ ಉದ್ದೇಶದಿಂದ ಕೊಟ್ಟದ್ದು. ನೀವು ಹೇಳಿದ ಕಂಪನಿಗಳ ಒತ್ತಡಕ್ಕೆ ಜಾಗವಿರುವುದೂ ಇಲ್ಲಿಯೇ. ರಿಯಾಯಿತಿ ಕೊಡಬಹುದಾದರೆ ಹಿಂದಕ್ಕೂ ಪಡೆಯಬಹುದು. ಬ್ರಿಟನ್ 1853ರಲ್ಲಿ ಪ್ರೀಮಿಯಂ ಮೇಲೆ ಕೊಟ್ಟ ರಿಯಾಯಿತಿ ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆದು, 1984ರ ಮಾರ್ಚ್ 13ರ ನಂತರದ ಹೊಸ ಪಾಲಿಸಿಗಳಿಗೆ ನಿಂತುಹೋಯಿತು.

ಇಂಥ ರಿಯಾಯಿತಿಯಿರುವಲ್ಲಿ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಕೈತುಂಬ ಹಣವಿರುವವರು ಹೆಸರಿಗಷ್ಟೇ ವಿಮೆಯ ಹೊದಿಕೆ ಹಾಕಿ ಒಳಗೆ ಠೇವಣಿ ಇಡಲು ತೊಡಗುತ್ತಾರೆ. ಆದ್ದರಿಂದ ಕಾನೂನು ಒಂದು ಅಳತೆಗೋಲನ್ನು ಹುಡುಕಬೇಕಾಯಿತು: ಕಟ್ಟುವ ಹಣಕ್ಕೆ ಹೋಲಿಸಿದರೆ ಸತ್ತಾಗ ಸಿಗುವ ಮೊತ್ತ ಎಷ್ಟು ಪಟ್ಟು? ಅಮೆರಿಕ 1984ರಲ್ಲಿ ಜೀವವಿಮೆ ಎಂದರೇನು ಎಂಬುದನ್ನೇ ಈ ಬಗೆಯ ಗಣಿತದಿಂದ ವ್ಯಾಖ್ಯಾನಿಸಿತು, 1988ರಲ್ಲಿ ಮೊದಲ ಏಳು ವರ್ಷಗಳಲ್ಲಿ ಮಿತಿಮೀರಿ ಹಣ ತುಂಬಿದ ಪಾಲಿಸಿಗಳಿಗೆ ಬೇರೆ ನಿಯಮ ತಂದಿತು. ಭಾರತದ ಅಳತೆ ಇದಕ್ಕಿಂತ ಸರಳ. 2012ರ ಏಪ್ರಿಲ್ 1ರಿಂದ ಕೊಟ್ಟ ಪಾಲಿಸಿಗಳಲ್ಲಿ ಯಾವುದೇ ವರ್ಷದ ಪ್ರೀಮಿಯಂ ವಿಮಾ ಮೊತ್ತದ ಶೇ. 10ನ್ನು ದಾಟಿದರೆ ಮೆಚ್ಯೂರಿಟಿಯ ಹಣಕ್ಕೆ ವಿನಾಯಿತಿಯಿಲ್ಲ. 2003ರ ಏಪ್ರಿಲ್ 1ರಿಂದ ಅಲ್ಲಿಯವರೆಗಿನ ಪಾಲಿಸಿಗಳಿಗೆ ಈ ಮಿತಿ ಶೇ. 20.

ಜನ ಎಡವುವುದು ಒಂದೇ ಕಂತಿನ ಪಾಲಿಸಿಗಳಲ್ಲಿ. ನನ್ನ ಬಳಿ ಬಂದಿದ್ದ ಒಬ್ಬರು 5 ಲಕ್ಷ ರೂಪಾಯಿಯನ್ನು ಒಮ್ಮೆಲೇ ಕಟ್ಟಿದ್ದರು, ವಿಮಾ ಮೊತ್ತ ಅದರ ಒಂದೂಕಾಲು ಪಟ್ಟು, ಅಂದರೆ 6.25 ಲಕ್ಷ. ಅದರ ಶೇ. 10 ಎಂದರೆ 62,500, ಅವರು ಕಟ್ಟಿದ್ದು ಅದರ ಎಂಟು ಪಟ್ಟು. ‘ವಿಮೆಯ ಹಣಕ್ಕೆ ತೆರಿಗೆಯಿಲ್ಲ’ ಎಂದು ಮಾರಿದವರು ಹೇಳಿದ್ದನ್ನು ನಂಬಿದ್ದ ಅವರಿಗೆ, ಕಟ್ಟಿದ್ದಕ್ಕಿಂತ ಹೆಚ್ಚಿಗೆ ಬಂದದ್ದು ಆದಾಯವೆಂದು ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅವಧಿಯೊಳಗೆ ಅವರೇನಾದರೂ ತೀರಿಕೊಂಡಿದ್ದರೆ ಅದೇ ಪಾಲಿಸಿಯ ಹಣ ಮನೆಯವರಿಗೆ ತೆರಿಗೆಯಿಲ್ಲದೆ ಸಿಗುತ್ತಿತ್ತು. 10 ಪಟ್ಟು ಇದ್ದರೂ ಈಗ ಸಾಲದು: 2023ರ ಏಪ್ರಿಲ್ 1ರಿಂದ ಪಡೆದ ಸಾಮಾನ್ಯ ಪಾಲಿಸಿಗಳ ವಾರ್ಷಿಕ ಪ್ರೀಮಿಯಂ ಒಟ್ಟು 5 ಲಕ್ಷ ರೂಪಾಯಿ ದಾಟಿದರೆ, ಹಾಗೂ 2021ರ ಫೆಬ್ರವರಿ 1ರಿಂದ ಪಡೆದ, ವಿಮೆಯ ಜೊತೆಗೆ ಮಾರುಕಟ್ಟೆಯಲ್ಲೂ ಹಣ ಹೂಡುವ ಯುಲಿಪ್‌ಗಳದು 2.5 ಲಕ್ಷ ದಾಟಿದರೆ, ದಾಟಿದ ಪಾಲಿಸಿಗಳ ಮೆಚ್ಯೂರಿಟಿಗೆ ವಿನಾಯಿತಿ ತಪ್ಪುತ್ತದೆ. ಇಲ್ಲಿಯೂ ಮರಣದ ಮೊತ್ತವನ್ನು ಮುಟ್ಟಿಲ್ಲ.

ಇನ್ನು ಉಳಿತಾಯ ಯೋಜನೆಗಳು. ಅಲ್ಲಿಯೂ ‘ಒಂದು ಹಣಕ್ಕೆ ಒಂದೇ ಸಲ ತೆರಿಗೆ’ ಎಂಬ ವಾದವೇ ತಳಹದಿ. 100 ಸಂಪಾದಿಸಿ, 30 ತೆರಿಗೆ ಕಟ್ಟಿ, ಉಳಿದ 70ನ್ನು ಹೂಡಿದಾಗ ಅದು ಇಮ್ಮಡಿಯಾದರೆ 140. ಬದಲಿಗೆ, ಹಲವು ಪಿಂಚಣಿ ಯೋಜನೆಗಳಲ್ಲಿರುವಂತೆ, ಮೊದಲು ತೆರಿಗೆ ಕಟ್ಟದೆ ಪೂರ್ತಿ 100ನ್ನು ಹೂಡಿ, ಅದು 200 ಆದ ಮೇಲೆ 60 ತೆರಿಗೆ ಕಟ್ಟಿದರೂ ಉಳಿಯುವುದು 140. ದರ ಬದಲಾಗದಿದ್ದರೆ ತೆರಿಗೆಯನ್ನು ಮೊದಲೇ ಹಾಕಿದರೂ ಕೊನೆಗೆ ಹಾಕಿದರೂ ಒಂದೇ. ಆದ್ದರಿಂದ ತೆರಿಗೆ ಕಟ್ಟಿದ ಹಣವನ್ನು ಹೂಡಿದಾಗ ಬಡ್ಡಿಗೆ ವಿನಾಯಿತಿ ಕೊಡುವುದನ್ನು ಈ ವಾದ ಒಪ್ಪುತ್ತದೆ. ಅದು ಒಪ್ಪದಿರುವುದು ಹೂಡುವಾಗಲೂ ಬೆಳೆಯುವಾಗಲೂ ತೆಗೆಯುವಾಗಲೂ ತೆರಿಗೆಯಿಲ್ಲದ ಯೋಜನೆಯನ್ನು. 1968ರಲ್ಲಿ ಆರಂಭವಾದ ಪಿಪಿಎಫ್ ಎಂಬ ಸರ್ಕಾರಿ ಉಳಿತಾಯ ಯೋಜನೆ ಭಾರತದ ಹಳೆಯ ತೆರಿಗೆ ಪದ್ಧತಿಯಲ್ಲಿ ಅಂಥದ್ದು. ಅಲ್ಲಿ 15 ವರ್ಷದ ಬಂಧನ ಮತ್ತು ವರ್ಷಕ್ಕೆ 1.5 ಲಕ್ಷ ರೂಪಾಯಿಯ ಮಿತಿ ಆ ಉದಾರತೆಗೆ ಹಾಕಿದ ಕಡಿವಾಣ. ಹೊಸ ಪದ್ಧತಿಯಲ್ಲಿ ಹೂಡಿಕೆಯ ಕಡಿತ ಹೋಗಿ ಬಡ್ಡಿಯ ವಿನಾಯಿತಿ ಉಳಿದಿದೆ. ಈ ಬದಲಾವಣೆಯಿಂದ ಅದು ವಾದದ ಚೌಕಟ್ಟಿಗೆ ಮರಳಿದೆ ಎಂದು ನಾನು ಭಾವಿಸುತ್ತೇನೆ.

ಜನ ಗಮನಿಸದಿರುವ ಇನ್ನೊಂದು ಕಾರಣವೆಂದರೆ, ಇಂಥ ಯೋಜನೆಗಳಲ್ಲಿ ಹಲವು ಸಲ ಸಾಲ ಪಡೆಯುವವರು ಸರ್ಕಾರಿ ಸಂಸ್ಥೆಗಳೇ ಆಗಿರುತ್ತಾರೆ. ಅಮೆರಿಕದ ರಾಜ್ಯಗಳೂ ನಗರಗಳೂ ಹೊರಡಿಸುವ ಬಾಂಡುಗಳ ಬಡ್ಡಿಗೆ 1913ರಿಂದಲೂ ಸಾಮಾನ್ಯವಾಗಿ ಕೇಂದ್ರದ ಆದಾಯ ತೆರಿಗೆಯಿಲ್ಲ, ಹಾಗಾಗಿ ಅವು ಕಡಿಮೆ ಬಡ್ಡಿಗೆ ಸಾಲ ಎತ್ತುತ್ತವೆ. ತೆರಿಗೆಯಿರುವ ಬಾಂಡು ಶೇ. 10 ಕೊಡುತ್ತಿದ್ದರೆ, ಶೇ. 30ರ ದರದಲ್ಲಿ ತೆರಿಗೆ ಕಟ್ಟುವವರಿಗೆ ತೆರಿಗೆಯಿಲ್ಲದ ಶೇ. 7 ಸಾಕು. ಆದರೆ ಬೇಕಾದಷ್ಟು ಹಣ ಅಂಥವರಿಂದ ಮಾತ್ರ ಕೂಡುವುದಿಲ್ಲ. ಶೇ. 20ರ ದರದವರನ್ನೂ ಸೆಳೆಯಬೇಕಾದರೆ ಬಡ್ಡಿಯನ್ನು ಶೇ. 8ಕ್ಕೆ ಏರಿಸಬೇಕು, ಏರಿಸಿದ ಬಡ್ಡಿ ಎಲ್ಲರಿಗೂ ಸಿಗುತ್ತದೆ. ಆಗ ಶೇ. 30ರ ದರದವರು ಹೂಡಿದ ಪ್ರತಿ 100ಕ್ಕೆ ನಗರವು ಬಡ್ಡಿಯಲ್ಲಿ 2 ಉಳಿಸುತ್ತದೆ, ಕೇಂದ್ರವು ತೆರಿಗೆಯಲ್ಲಿ 3 ಕಳೆದುಕೊಳ್ಳುತ್ತದೆ, ನಡುವಿನ 1 ಹೂಡಿದವರ ಜೇಬಿಗೆ ಹೋಗುತ್ತದೆ.